ಸಹಾಯ ಬೇಕು: ಒಂದೇ ಸಾಲು ತಿದ್ದಿದೆ, ಸ್ಟೋರಿಯಲ್ಲಿ ಮಾತ್ರ ಅಂಚು ದಾಟುತ್ತಿದೆ

ಒಂದು ಪೋಸ್ಟರನ್ನು ಫಿಗ್ಮಾದಲ್ಲಿ ಮೂರು ಅಳತೆಗೆ ಮಾಡಿದ್ದೇನೆ: 1080×1080, 1080×1350, ಸ್ಟೋರಿಗೆ 1080×1920. ಶೀರ್ಷಿಕೆ ಮೂರರಲ್ಲೂ ಒಂದೇ ವೇರಿಯಬಲ್, ಒಮ್ಮೆ ತಿದ್ದಿದರೆ ಸಾಕು.

‘ನೋಂದಣಿ ಶುರು’ ಅಂತ ಇದ್ದದ್ದನ್ನು ‘ನೋಂದಣಿಗೆ ಇನ್ನೆರಡೇ ದಿನ’ ಎಂದು ಬದಲಿಸಿದೆ. ಮೊದಲೆರಡರಲ್ಲಿ ಒಂದೇ ಸಾಲಿನಲ್ಲಿ ಕೂತಿತು. ಸ್ಟೋರಿಯಲ್ಲಿ ಅಕ್ಷರ ದೊಡ್ಡದು, ಎರಡು ಸಾಲಾಯಿತು. ಎರಡನೇ ಸಾಲು ಕೆಳಗೆ ಖಾಲಿ ಬಿಡಬೇಕಾದ 250 ಪಿಕ್ಸೆಲ್ ಒಳಗೆ ಇಳಿದಿದೆ. ಅಲ್ಲೇ ಮೆಸೇಜ್ ಬಾಕ್ಸ್ ಬರುತ್ತದೆ ಅಲ್ವಾ, ‘ನ್ನೆ’ಯ ಒತ್ತಕ್ಷರ ಅದರಡಿ ಮುಚ್ಚಿಹೋಗುತ್ತಿದೆ.

ಅಕ್ಷರ ಚಿಕ್ಕದು ಮಾಡಿದರೆ ಫೋನಿನಲ್ಲಿ ಓದಲು ಕಷ್ಟ. ಆಟೋ ಲೇಔಟ್ ಹಾಕಿ, ಕೆಳಗೆ 250 ಪ್ಯಾಡಿಂಗ್ ಕೊಟ್ಟು ಬಾಟಮ್‌ಗೆ ಅಲೈನ್ ಮಾಡಿದೆ. ಈಗ ಸಾಲು ಮೇಲಕ್ಕೆ ಬೆಳೆಯುತ್ತದೆ, ಆದರೆ ಫೋಟೋ ಹಿನ್ನೆಲೆಯಲ್ಲೇ ಇರುವುದರಿಂದ ಮುಖದ ಮೇಲೆ ಹತ್ತುತ್ತದೆ. ಫೋಟೋವನ್ನೂ ಅದೇ ಲೇಔಟ್ ಒಳಗೆ ಫಿಲ್ ಮಾಡಿಟ್ಟರೆ ತಾನೇ ಕುಗ್ಗುತ್ತದಾ? ಆಗ ತಲೆ ಕತ್ತರಿಸದ ಹಾಗೆ ಹೇಗೆ ಇಡುವುದು? ಮಾಡಿದವರು ದಯವಿಟ್ಟು ತಿಳಿಸಿ.