ಪದಚರ್ಚೆ: ಲೂಪ್ ‘ವಿನಿಮಯ’ವೋ ‘ಸ್ಥಾನಪಲ್ಲಟ’ವೋ? ‘ಬ್ಲಾಕಿಂಗ್’ಗೆ ಏನೆನ್ನೋಣ?

ಮಾನ್ಯರೆ,

ಮ್ಯಾಟ್ರಿಕ್ಸ್ ಗುಣಾಕಾರದ ಪ್ರಯೋಗವೊಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಲೂಪ್ ಇಂಟರ್‌ಚೇಂಜ್’ ಎಂಬುದಕ್ಕೆ ‘ಲೂಪ್ ವಿನಿಮಯ’ ಎಂದು ಬರೆದಿದ್ದೆ. i, j, k ಕ್ರಮದಲ್ಲಿರುವ ಮೂರು ಲೂಪ್‌ಗಳ ಪೈಕಿ ಒಳಗಿನ ಎರಡನ್ನು ವಿನಿಮಯ ಮಾಡಿರಿ ಎಂದಾಗ, ಒಬ್ಬ ವಿದ್ಯಾರ್ಥಿ j ಇದ್ದಲ್ಲೆಲ್ಲ k ಎಂದೂ k ಇದ್ದಲ್ಲೆಲ್ಲ j ಎಂದೂ ತಿದ್ದಿ ತಂದನು:

```c
for (i = 0; i < n; i++)
  for (k = 0; k < n; k++)
    for (j = 0; j < n; j++)
      c[i][k] += a[i][j] * b[j][k];
```

ಹೆಸರುಗಳು ಬದಲಾದವೇ ಹೊರತು ಮೆಮೊರಿಯಲ್ಲಿ ನಡೆಯುವ ದಾರಿ ಬದಲಾಗಲಿಲ್ಲ. n ಎಂಬುದು 1024 ಆಗಿದ್ದು ಅಂಶಗಳು double ಆಗಿದ್ದರೆ, ಒಳಗಿನ ಲೂಪ್ ಈಗಲೂ b ಯ ಕಂಬಸಾಲಿನಲ್ಲಿ ಹೆಜ್ಜೆಗೆ 8192 ಬೈಟ್‌ನಂತೆ ಜಿಗಿಯುತ್ತಲೇ ಇರುತ್ತದೆ. ಎಷ್ಟು ಸಲ ಅಳೆದರೂ ಮೊದಲಿನಷ್ಟೇ ಸಮಯ ಬಂತು. ನಾನು ಹೇಳಬೇಕೆಂದಿದ್ದುದು for ಸಾಲುಗಳನ್ನಷ್ಟೇ ಮೇಲೆಕೆಳಗೆ ಮಾಡಿ, ಲೆಕ್ಕದ ಸಾಲನ್ನು `c[i][j] += a[i][k] * b[k][j];` ಎಂದು ಇದ್ದಂತೆಯೇ ಬಿಡುವುದು. ಆಗ b, c ಎರಡೂ ಅಡ್ಡಸಾಲಿನಲ್ಲಿ ಸಾಗುತ್ತವೆ. 64 ಬೈಟ್‌ನ ಒಂದು ಕ್ಯಾಶ್ ಲೈನ್ ಬಂದರೆ ಅದರ ಎಂಟು ಸಂಖ್ಯೆಗಳೂ ಬಳಕೆಯಾಗುತ್ತವೆ. ಈ ಅರ್ಥ ತಪ್ಪದಂತೆ ತಿಳಿಸುವ ಪದ ಯಾವುದು? ‘ಬ್ಲಾಕಿಂಗ್’ಗೂ ಒಂದು ಪದ ಸೂಚಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

‘ವಿನಿಮಯ’ದಲ್ಲಿ ಕೊಟ್ಟು ತೆಗೆದುಕೊಳ್ಳುವ ಅರ್ಥವಿದೆ, ಆದ್ದರಿಂದ ಆ ವಿದ್ಯಾರ್ಥಿ ಹೆಸರುಗಳನ್ನು ಕೊಟ್ಟು ತೆಗೆದುಕೊಂಡದ್ದು ಪದದ ದೋಷವೇ ಸರಿ. ಇಲ್ಲಿ ಬದಲಾಗುವುದು ಜಾಗ. ‘ಸ್ಥಾನಪಲ್ಲಟ’ ಎಂಬ ಪದ ನಮ್ಮಲ್ಲಿ ಬಳಕೆಯಲ್ಲೇ ಇದೆ. ‘ಬ್ಲಾಕಿಂಗ್’ಗೆ ‘ತಡೆ’ ಎನ್ನಬಹುದು. ದತ್ತಾಂಶ ಬರುವ ತನಕ ಪ್ರೋಗ್ರಾಂ ಕಾಯುತ್ತ ನಿಲ್ಲುತ್ತದೆಯಲ್ಲವೇ?

ಎರಡನೆಯ ಉತ್ತರ

‘ಸ್ಥಾನಪಲ್ಲಟ’ಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಹಿಂದಿನ ಉತ್ತರದಲ್ಲಿ ಹೇಳಿರುವ ‘ತಡೆ’ ಇನ್‌ಪುಟ್‌ಗಾಗಿ ಕಾಯುವ ಸಂದರ್ಭದ್ದು. ಇಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ದೊಡ್ಡ ಮ್ಯಾಟ್ರಿಕ್ಸನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಕ್ಯಾಶ್‌ಗೆ ಬಂದ ಚೌಕವನ್ನು ಅದು ಹೊರಬೀಳುವ ಮೊದಲೇ ಮತ್ತೆ ಮತ್ತೆ ಬಳಸಿಕೊಳ್ಳುತ್ತೇವೆ. ತೋಟದಲ್ಲಿ ಒಂದು ಪಾತಿಯ ಕೆಲಸ ಮುಗಿಸಿ ಮುಂದಿನದಕ್ಕೆ ಹೋಗುವ ಹಾಗೆ. ಆದ್ದರಿಂದ ‘ಪಾತಿ’, ‘ಪಾತಿಗಟ್ಟುವುದು’ ಎಂದು ಸೂಚಿಸುತ್ತೇನೆ. (‘ಮಡಿ’ಯೂ ಆಗುತ್ತಿತ್ತು, ಆದರೆ ಆ ಪದಕ್ಕೆ ಈಗಾಗಲೇ ಬೇರೆ ಕೆಲಸಗಳಿವೆ.)

ಪಾತಿಯ ಅಳತೆಯನ್ನೂ ಕೈಪಿಡಿಯಲ್ಲಿ ಹೇಳಿರಿ. 32×32 ಪಾತಿ 8 ಕೆಬಿ ಆಗುತ್ತದೆ. a, b, c ಮೂರಕ್ಕೂ ಸೇರಿ 24 ಕೆಬಿ, ಅಂದರೆ 32 ಕೆಬಿಯ ಎಲ್1 ಕ್ಯಾಶ್‌ನಲ್ಲಿ ಹಿಡಿಯಬೇಕು. ಆದರೆ n ಸರಿಯಾಗಿ 1024 ಇದ್ದರೆ ಈ ಲೆಕ್ಕ ಮೋಸಮಾಡುತ್ತದೆ. ಅಂಥ ಕ್ಯಾಶ್ 64 ಸೆಟ್‌ಗಳಾಗಿ, ಸೆಟ್ಟಿಗೆ ಎಂಟು ಲೈನಿನಂತೆ ಇದ್ದಲ್ಲಿ, 4096 ಬೈಟ್‌ಗೊಮ್ಮೆ ಮತ್ತೆ ಅದೇ ಸೆಟ್ ಬರುತ್ತದೆ. ಹೀಗಾಗಿ ಪಾತಿಯ 32 ಅಡ್ಡಸಾಲುಗಳೂ ಒಂದೇ ಸೆಟ್‌ನಿಂದ ಆರಂಭವಾಗಿ ಎಂಟೇ ಜಾಗಗಳಿಗೆ ಒಂದನ್ನೊಂದು ನೂಕಾಡುತ್ತವೆ. ಸಾಲಿನ ಉದ್ದವನ್ನು 1032ಕ್ಕೆ ಏರಿಸಿ ಕೊನೆಯ ಎಂಟು ಅಂಶಗಳನ್ನು ಬಳಸದೆ ಬಿಟ್ಟರೆ ಪ್ರತಿ ಸಾಲೂ ಒಂದೊಂದು ಸೆಟ್ ಮುಂದಕ್ಕೆ ಸರಿಯುತ್ತದೆ. ಪಾತಿಯ ಅಳತೆಯನ್ನು ಹಾಗೆಯೇ ಇಟ್ಟು ಎರಡನ್ನೂ ಅಳೆಯಿರಿ. 1032ರಲ್ಲಿ ಸಮಯ ಇಳಿದರೆ ತೊಂದರೆ ಈ ನೂಕಾಟದ್ದೆಂದು ಶಂಕಿಸಬಹುದು, `perf stat -e L1-dcache-load-misses` ಅದನ್ನು ದೃಢಪಡಿಸುತ್ತದೆ.

ಮೂರನೆಯ ಉತ್ತರ

ಪದಗಳ ವಿಷಯ ನನಗೆ ಅಷ್ಟಾಗಿ ತಿಳಿಯದು. ನನ್ನ ಅನುಭವವೊಂದನ್ನು ಹೇಳುತ್ತೇನೆ. ನಾನು ಸರಿಯಾಗಿಯೇ ಸ್ಥಾನಪಲ್ಲಟ ಮಾಡಿದ್ದರೂ ಎರಡೂ ಪ್ರೋಗ್ರಾಂಗಳ ಸಮಯ ಒಂದೇ ಬಂದು, ಪಾಠವೇ ತಪ್ಪೆಂದುಕೊಂಡಿದ್ದೆ. `-O3` ಕೊಟ್ಟಿದ್ದೆ, ಜಿಸಿಸಿ 8ರಿಂದ ಈಚೆಗೆ ಆ ಹಂತದಲ್ಲಿ ಕಂಪೈಲರ್ ತಾನೇ ಲೂಪ್‌ಗಳ ಜಾಗ ಬದಲಿಸಬಲ್ಲದಂತೆ. `-fno-loop-interchange` ಸೇರಿಸಿದ ಮೇಲೆ ವ್ಯತ್ಯಾಸ ಎದ್ದು ಕಂಡಿತು. ಅದಕ್ಕೂ ಮೊದಲು ಇನ್ನೊಂದು ಪೆಟ್ಟು ತಿಂದಿದ್ದೆ: c ಯನ್ನು ಎಲ್ಲಿಯೂ ಮುದ್ರಿಸದೆ ಇದ್ದುದರಿಂದ ಗುಣಾಕಾರವನ್ನೇ ಕಂಪೈಲರ್ ತೆಗೆದುಹಾಕಿ ಸಮಯ ಸೊನ್ನೆಗೆ ಬಂದಿತ್ತು.

ಪ್ರಶ್ನೆ ಕೇಳಿದವರಿಂದ

‘ಸ್ಥಾನಪಲ್ಲಟ’ವನ್ನು ಸ್ವೀಕರಿಸಿ, “ಲೆಕ್ಕದ ಸಾಲನ್ನು ಮುಟ್ಟಬೇಡಿ” ಎಂಬ ಮಾತನ್ನೂ ಸೇರಿಸಿದ್ದೇನೆ. c ಯ ಅಂಶಗಳ ಮೊತ್ತವನ್ನು ಮುದ್ರಿಸುವಂತೆಯೂ, ಐದು ಬಾರಿ ಓಡಿಸಿ ಅತಿ ಕಡಿಮೆ ಸಮಯವನ್ನು ಬರೆದುಕೊಳ್ಳುವಂತೆಯೂ ಸೂಚಿಸಿದ್ದೇನೆ. ‘ಪಾತಿ’ ಎಂಬುದು ಚೆನ್ನಾಗಿದೆ. ‘ಪಾತಿಗಟ್ಟುವುದು’ ನಾಲಿಗೆಗೆ ಇನ್ನೂ ಒಗ್ಗಿಲ್ಲ.

ಆದರೆ ಇದರಿಂದ ಹೊಸ ತೊಡಕೊಂದು ಎದ್ದಿದೆ. ‘ಲೊಕಾಲಿಟಿ’ಗೆ ನಾನು ‘ಸಾಮೀಪ್ಯ’ ಎಂದು ಬರೆದಿದ್ದೆ. ಸ್ಥಾನಪಲ್ಲಟದಿಂದ ದೊರೆಯುವುದು ನಿಜಕ್ಕೂ ಸಾಮೀಪ್ಯದ ಲಾಭ, ಏಕೆಂದರೆ ಪಕ್ಕದ ಅಂಶಗಳು ಜೊತೆಗೇ ಬರುತ್ತವೆ. ಪಾತಿಯಿಂದ ದೊರೆಯುವುದು ಬೇಗನೆ ಆಗುವ ಮರುಬಳಕೆಯ ಲಾಭ. ಅಲ್ಲಿ ಹತ್ತಿರವಿರುವುದು ಜಾಗವಲ್ಲ, ಹೊತ್ತು.

ಎರಡನೆಯ ಉತ್ತರದವರು ಮತ್ತೆ

‘ನೆರೆಬಳಕೆ’, ‘ಮರುಬಳಕೆ’ ಎಂದು ಎರಡಾಗಿ ಒಡೆಯಿರಿ; ಎರಡನ್ನೂ ಒಳಗೊಳ್ಳುವ ಒಂದೇ ಪದ ಬೇಕೆಂಬ ಹಟವೇಕೆ?

ಮೊದಲ ಉತ್ತರದವರು

‘ನೆರೆ’ ಎಂದೊಡನೆ ಪ್ರವಾಹ ನೆನಪಾಗುವವರೂ ಇದ್ದಾರೆ. ನನ್ನ ಮತ ‘ಸಾಮೀಪ್ಯ’ಕ್ಕೇ, ಕಾಲದಲ್ಲಿಯೂ ಸಾಮೀಪ್ಯ ಇರಬಾರದೇಕೆ?