ಅತ್ತಿಗೆಯ ಮೆಸೇಜ್ ಹಿಂದಿಗೆ: ಕ್ರಿಯಾಪದ ಎಲ್ಲೆಲ್ಲಿ ಬದಲಾಗುತ್ತೆ?

ಕೇಳಿದ್ದು: ನಮ್ಮತ್ತಿಗೆ ಸಾಗರದಿಂದ ಇಂದೋರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತಾರೆ. ಅವರ ಮೆಸೇಜನ್ನ ನಾನು ಹಿಂದಿಗೆ ಮಾಡಿದ್ರೆ ಗಂಡಸು ಬರೆದ ಹಾಗಿರುತ್ತಂತೆ. ‘ನಿನ್ನೆ ಎರಡು ಡಬ್ಬಿ ಕಳಿಸಿದೀನಿ. ಬಿಲ್ ಇಡೋದು ಮರೆತೆ. ನಾಳೆ ಕಳಿಸ್ತೀನಿ. ದುಡ್ಡು ಯಾವಾಗ ಹಾಕ್ತೀರಿ?’ ಏನೇನು ತಿದ್ದಬೇಕು?

ಹೊಸನಗರದ ಮಾಣಿ: ಸುಲಭ ಮಾರಾಯ್ರೆ. ಹೆಂಗಸು ಬರೆದದ್ದಾದ್ರೆ ಎಲ್ಲಾ ಕ್ರಿಯಾಪದಕ್ಕೂ ಈಕಾರ. ‘ಮೈಂನೇ ದೋ ಡಿಬ್ಬೇ ಭೇಜೀ ಹೈಂ, ಭೂಲ್ ಗಈ, ಭೇಜೂಂಗೀ.’

ಹಿಂದಿ ಪಾಠದವರು: ಕೊನೆಯ ಎರಡು ಸರಿ, ಮೊದಲನೆಯದು ತಪ್ಪು. ಕಳಿಸು, ಬರೆ, ಕೊಡು ಇಂಥವು ಮುಗಿದ ಕೆಲಸವಾದಾಗ ‘ಮೈಂ’ ಹಿಂದೆ ‘ನೇ’ ಬರುತ್ತೆ. ಆಗ ಕ್ರಿಯಾಪದ ಬರೆದವರನ್ನ ನೋಡೋದಿಲ್ಲ, ಕಳಿಸಿದ ವಸ್ತುವನ್ನ ನೋಡುತ್ತೆ. ‘ಡಿಬ್ಬಾ’ ಪುಲ್ಲಿಂಗ, ಹಾಗಾಗಿ ಅತ್ತಿಗೆ ಬರೆದರೂ ಅಣ್ಣ ಬರೆದರೂ ‘ದೋ ಡಿಬ್ಬೇ ಭೇಜೇ ಹೈಂ’. ಡಬ್ಬಿ ಬದಲು ಬಾಟಲಿಯಾದ್ರೆ ‘ದೋ ಬೋತಲೇಂ ಭೇಜೀ ಹೈಂ’. ಆ ಈಕಾರ ಬಾಟಲಿಯದ್ದು, ಅತ್ತಿಗೆಯದ್ದಲ್ಲ.

ಮೊದಲು ‘ನೇ’ ಇದೆಯಾ ನೋಡಿ. ಇದ್ದರೆ ವಸ್ತುವಿನ ಲಿಂಗ, ಇಲ್ಲದೆ ಬರೀ ‘ಮೈಂ’ ಇದ್ದರೆ ಬರೆದವರ ಲಿಂಗ. ಮೋಸ ಮಾಡೋದು ‘ಮರೆ’ ಮತ್ತು ‘ತರು’. ಮುಗಿದ ಕೆಲಸವಾದರೂ ‘ಭೂಲ್ನಾ’, ‘ಲಾನಾ’ ‘ನೇ’ ತಗೊಳ್ಳೋದಿಲ್ಲ. ಅದಕ್ಕೇ ‘ಮೈಂ ಭೂಲ್ ಗಈ’, ‘ಮೈಂ ಡಿಬ್ಬೇ ಲಾಈ’. ‘ಮುಝೇ’ ಇಂದ ಶುರುವಾಗೋ ಮಾತಲ್ಲಿ ಅತ್ತಿಗೆ ಲೆಕ್ಕಕ್ಕೇ ಇಲ್ಲ: ‘ಮುಝೇ ರಸೀದ್ ಚಾಹಿಏ ಥೀ’ ಅನ್ನೋದ್ರಲ್ಲಿ ‘ಥೀ’ ರಸೀದಿಯದ್ದು.

ಪೂರ್ತಿ ಮೆಸೇಜ್ ಹೀಗೆ: ‘ಮೈಂನೇ ಕಲ್ ದೋ ಡಿಬ್ಬೇ ಭೇಜೇ ಹೈಂ. ಬಿಲ್ ರಖನಾ ಭೂಲ್ ಗಈ. ಕಲ್ ಭೇಜ್ ದೂಂಗೀ. ಆಪ್ ಪೈಸೇ ಕಬ್ ಭೇಜೇಂಗೇ?’ ನಿನ್ನೆಗೂ ನಾಳೆಗೂ ‘ಕಲ್’ ಒಂದೇ. ಗಲಿಬಿಲಿಯಾದರೆ ತಾರೀಖು ಹಾಕಿಬಿಡಿ.

ತೀರ್ಥಹಳ್ಳಿ ಅಕ್ಕ: ಆ ‘ಭೇಜೇಂಗೇ’ ಓದೋರು ಗಂಡಸಾದ್ರೆ ಮಾತ್ರ. ಹೆಂಗಸಾದ್ರೆ ‘ಭೇಜೇಂಗೀ’. ಕನ್ನಡದ ‘ಹಾಕ್ತೀರಿ’ಯಲ್ಲಿ ಅದು ಗೊತ್ತಾಗೋದೇ ಇಲ್ಲ. ಯಾರು ಅಂತ ತಿಳಿಯದಿದ್ರೆ ‘ಪೈಸೇ ಕಬ್ ಮಿಲೇಂಗೇ?’ ಅಂತ ಕೇಳಿ, ಅಲ್ಲಿ ‘ಮಿಲೇಂಗೇ’ ದುಡ್ಡಿಗೆ ಹೊಂದುತ್ತೆ.

ಸಂಘದ ಲೆಕ್ಕದವಳು: ನಮ್ಮ ಸ್ವಸಹಾಯ ಸಂಘದಲ್ಲಿ ಎಲ್ಲಾ ಹೆಂಗಸರೇ. ‘ನಾವು ಸೋಮವಾರ ಕಳಿಸ್ತೀವಿ’ ಅನ್ನೋಕೆ ‘ಹಮ್ ಭೇಜೇಂಗೀ’ ಅಂತಲೇ ಬರೀತೀನಿ. ತಪ್ಪಾ?

ಹಿಂದಿ ಪಾಠದವರು: ತಪ್ಪಲ್ಲ. ವ್ಯಾಕರಣದಂತೆ ಸರಿ.

ತೀರ್ಥಹಳ್ಳಿ ಅಕ್ಕ: ಆದ್ರೆ ಹಿಂದಿ ಹೆಂಗಸರು ‘ಹಮ್’ ಅಂದಾಗ ಎಷ್ಟೋ ಸಲ ‘ಭೇಜೇಂಗೇ’ ಅಂತಲೇ ಮಾತಾಡ್ತಾರೆ. ನಿಮ್ಮದು ಪುಸ್ತಕದ ಭಾಷೆ ಅನ್ನಿಸುತ್ತೆ.

ಸಂಘದ ಲೆಕ್ಕದವಳು: ಅನ್ನಿಸ್ಲಿ ಬಿಡಿ. ಇಲ್ಲದಿದ್ರೆ ಫೋನ್ ಮಾಡಿ ‘ಭಾಯಿಸಾಬ್’ ಅಂತಾರೆ.