ಅಪ್‌ಡೇಟ್: ಚಟ್ನಿಪುಡಿಗೆ 'ಹೊಸ' ಅನ್ನೋಕೆ ಸಿಕ್ಕ ಮಾತು

ನನ್ನ ಪ್ರಶ್ನೆ ಇಷ್ಟೇ ಇತ್ತು: "ಮನೆಯಲ್ಲಿ ಮಾಡಿದ ಅಗಸೆ ಚಟ್ನಿಪುಡಿ ಮಾರಾಟಕ್ಕೆ ಬಿಡುತ್ತಿದ್ದೇನೆ, 'ವಿನೂತನ', 'ಹೊಚ್ಚಹೊಸ' ಬಿಟ್ಟು ಬೇರೆ ಪದ ಇದೆಯಾ?"

ಪದ ಹುಡುಕೋದು ಬಿಟ್ಟು, ನಿಜವಾಗಿ ಹೊಸದು ಯಾವುದು ಅಂತ ಬರೆದುಕೊಂಡೆ. ನಾನು ಬದಲಿಸಿದ್ದು ಒಂದೇ, ಹುಣಸೆಹಣ್ಣಿನ ಜಾಗಕ್ಕೆ ಒಣಗಿಸಿದ ಮುರುಗಲ ಸಿಪ್ಪೆ. ಹಾಗಾಗಿ "ವಿನೂತನ ರುಚಿಯ ಚಟ್ನಿಪುಡಿ" ಹೋಗಿ "ಅಗಸೆ ಅದೇ, ಹುಳಿ ಮಾತ್ರ ಮುರುಗಲದ್ದು" ಅಂತಾಯಿತು. ಇದನ್ನು ಓದಿದ ಪಕ್ಕದ ಮನೆ ಅಕ್ಕ "ಮುರುಗಲು ಹಾಕಿದರೆ ಬಣ್ಣ ಕಪ್ಪಾಗಲ್ವಾ?" ಅಂತ ಕೇಳಿದರು, ಮೊದಲಿನ ಸಾಲಿಗೆ ಯಾರೂ ಏನೂ ಕೇಳಿರಲಿಲ್ಲ. ನನಗೆ ಅದೇ ಪರೀಕ್ಷೆ ಆಯಿತು: ಸಾಲನ್ನು ಸೋಪಿನ ಪೊಟ್ಟಣಕ್ಕೂ ಅಂಟಿಸಬಹುದಾದರೆ ಅದು ಟೊಳ್ಳು.

'ಹೊಸ' ಪದವನ್ನು ಪೂರ್ತಿ ಬಿಟ್ಟಿಲ್ಲ. "ಈ ಸಲ ಹೊಸದು: ಮುರುಗಲ ಹುಳಿ" ಅಂತ ಚೀಟಿಯಲ್ಲಿದೆ, ಏನು ಹೊಸದು ಅನ್ನೋದು ಪಕ್ಕದಲ್ಲೇ ಇದೆ ಅಲ್ವಾ. ಜಾಹೀರಾತು ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ ಕೂಡ 'ಹೊಸ' ಅನ್ನೋದನ್ನು ಬಿಡುಗಡೆಯಾದ ಒಂದು ವರ್ಷದೊಳಗೆ ಮಾತ್ರ ಬಳಸಿ ಅನ್ನುತ್ತದೆ, ಅದಕ್ಕೇ ಚೀಟಿ ಜಾಸ್ತಿ ಅಚ್ಚು ಹಾಕಿಸಿಲ್ಲ. 'ತಾಜಾ' ತೆಗೆದು ಹುರಿದ ತಾರೀಖು ಬರೆಯುತ್ತಿದ್ದೇನೆ.